ಕಣ್ಣು ಗಾಜಿನ ಯಾವ ಜಾಗದಲ್ಲಿ ಕೂರುತ್ತದೆ? ಅಗಲ ಮುಖ, ಕಡಿಮೆ ಕಣ್ಣಂತರ, ಮೈನಸ್ 7 ಪವರ್: ಒಂದು ಪ್ರಕರಣ

ಆ ತಾಯಿ ಮಗಳು ಧಾರವಾಡದ ನನ್ನ ಕನ್ನಡಕದ ಅಂಗಡಿಗೆ ಬಂದದ್ದು ಮಳೆಗಾಲದ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ. ಮಗಳಿಗೆ 26 ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಪ್ಪು ಪ್ಲಾಸ್ಟಿಕ್ಕಿನ ಅಗಲವಾದ ಕನ್ನಡಕವನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಗಾಜಿನ ಅಂಚು ಫ್ರೇಮಿನಿಂದ ಹಿಂದಕ್ಕೆ ಎಷ್ಟು ಚಾಚಿಕೊಂಡಿತ್ತೆಂದರೆ, ಇಡುವಾಗ ಮೇಜಿಗೆ ಮೊದಲು ತಾಗಿದ್ದು ಅದೇ. ಮಾತು ಶುರು ಮಾಡಿದವರು ತಾಯಿ. "ಅಣ್ಣಾ, ಇದನ್ನು ಹಾಕಿಕೊಂಡ ಮೇಲೆ ಇವಳಿಗೆ ಮೆಳ್ಳಗಣ್ಣು ಬಂದ ಹಾಗೆ ಕಾಣುತ್ತದೆ. ಮೊನ್ನೆ ನೋಡಲು ಬಂದವರೂ ಅದನ್ನೇ ಕೇಳಿದರು. ಕಣ್ಣಿಗೇ ಏನಾದರೂ ಆಗಿದೆಯೇ, ನೋಡಿ."

ಮಗಳ ದೂರು ಬೇರೆಯಾಗಿತ್ತು. ಕನ್ನಡಕ ಮೂಗಿನಿಂದ ಜಾರುತ್ತಲೇ ಇರುತ್ತದೆ, ದಿನಕ್ಕೆ ನೂರು ಸಲ ಮೇಲೆ ತಳ್ಳಬೇಕು. ಮಕ್ಕಳ ಪುಸ್ತಕ ತಿದ್ದುವಾಗ ಏನೂ ತೊಂದರೆ ಇಲ್ಲ. ಆದರೆ ತರಗತಿಯ ಹಿಂದಿನ ಸಾಲನ್ನೋ ದೂರದಿಂದ ಬರುವ ಬಸ್ಸಿನ ಬೋರ್ಡನ್ನೋ ಸ್ವಲ್ಪ ಹೊತ್ತು ದಿಟ್ಟಿಸಿದರೆ ಹುಬ್ಬಿನ ಮೇಲೆ ನೋವು ಹಿಡಿಯುತ್ತದೆ. ಹತ್ತಿರಕ್ಕೆ ಸುಖ, ದೂರಕ್ಕೆ ನೋವು ಎಂಬ ಈ ವ್ಯತ್ಯಾಸವನ್ನು ನಾನು ಅಲ್ಲೇ ಬರೆದಿಟ್ಟುಕೊಂಡೆ. ಕನ್ನಡಕ ಮಾಡಿಸಿ ಆಗಲೇ ನಾಲ್ಕು ತಿಂಗಳಾಗಿತ್ತು.

ಕಣ್ಣಿನ ವೈದ್ಯರು ಬರೆದ ಚೀಟಿ ಹೊಸದೇ ಇತ್ತು: ಬಲಗಣ್ಣಿಗೆ ಮೈನಸ್ 7.00, ಎಡಗಣ್ಣಿಗೆ ಮೈನಸ್ 6.50, ಸಿಲಿಂಡರ್ ಇಲ್ಲ. ಒಂದು ಕಣ್ಣನ್ನು ಮುಚ್ಚಿ, ತೆರೆದು, ಇನ್ನೊಂದನ್ನು ಮುಚ್ಚಿ ನೋಡುವ ಸರಳ ಪರೀಕ್ಷೆ ಮಾಡಿದೆ. ಎರಡು ಕಣ್ಣುಗಳೂ ಗುರಿಯ ಮೇಲೆ ನೆಟ್ಟಗೆ ನಿಂತಿದ್ದವು. ಮೆಳ್ಳಗಣ್ಣು ಇರಲಿಲ್ಲ. ಕನ್ನಡಕವನ್ನು ಮತ್ತೆ ಹಾಕಿಸಿ ಎದುರಿನಿಂದ ನೋಡಿದಾಗ ತಾಯಿಯ ಮಾತು ಸುಳ್ಳಲ್ಲ ಎಂದೂ ತಿಳಿಯಿತು. ಅಗಲವಾದ ಎರಡು ಕಿಟಕಿಗಳ ಒಳಮೂಲೆಗೆ ಕಣ್ಣುಗಳು ಸರಿದು ನಿಂತಂತಿದ್ದವು, ಹೊರಗಡೆ ಗಾಜೆಲ್ಲ ಖಾಲಿ.

"ಈ ಫ್ರೇಮ್ ಹೇಗೆ ಆರಿಸಿದಿರಿ ಮೇಡಂ?" ಎಂದು ಕೇಳಿದೆ. ಮೊಬೈಲಿನಲ್ಲಿ ಒಂದು ಪಟ್ಟಿ ನೋಡಿದ್ದರಂತೆ. ದುಂಡು ಮುಖಕ್ಕೆ ಮೂಲೆಗಳಿರುವ ಅಗಲ ಫ್ರೇಮ್, ಚೌಕ ಮುಖಕ್ಕೆ ದುಂಡು ಫ್ರೇಮ್, ಉದ್ದ ಮುಖಕ್ಕೆ ಎತ್ತರದ ಫ್ರೇಮ್ ಎಂದು ಅದರಲ್ಲಿತ್ತು. ಇವರ ಮುಖ ದುಂಡು, ಕೆನ್ನೆಯ ಮೂಳೆ ಅಗಲ. ಹಾಗಾಗಿ ಬೇರೊಂದು ಅಂಗಡಿಯಲ್ಲಿದ್ದ ಅತಿ ಅಗಲವಾದ ಆಯತವನ್ನು ಆರಿಸಿಕೊಂಡಿದ್ದರು. ಆ ಪಟ್ಟಿ ಪೂರ್ತಿ ತಪ್ಪಲ್ಲ, ಮುಖದ ಗೆರೆಗೆ ವಿರುದ್ಧವಾದ ಗೆರೆ ಕಣ್ಣಿಗೆ ಹಿತವಾಗುವುದು ನಿಜ. ಆದರೆ ಕಣ್ಣುಗಳ ನಡುವಿನ ಅಂತರವೆಷ್ಟು, ಪವರ್ ಎಷ್ಟು ಎಂದು ಅದು ಕೇಳುವುದೇ ಇಲ್ಲ. ಪವರ್ ಒಂದೋ ಎರಡೋ ಇರುವವರಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಮೈನಸ್ 7ರವರಿಗೆ ಮುಖದ ಆಕಾರ ಮೂರನೆಯ ಪ್ರಶ್ನೆ. ಮೊದಲನೆಯದು ಕಣ್ಣಂತರ, ಎರಡನೆಯದು ಗಾಜಿನ ಹೊರ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು.

ಕಣ್ಣಂತರವೆಂದರೆ ಒಂದು ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗಿರುವ ದೂರ. ನಮ್ಮ ಕೆಲಸದಲ್ಲಿ ಇದಕ್ಕೆ ಪಿ.ಡಿ. ಎನ್ನುತ್ತೇವೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 63 ಮಿಲಿಮೀಟರಿನ ಆಸುಪಾಸು. 54ರಷ್ಟು ಕಡಿಮೆಯೂ 74ರಷ್ಟು ಹೆಚ್ಚೂ ಇರಬಹುದು. ಇವರದು 58. ಮೂಗಿನ ನಡುಗೆರೆಯಿಂದ ಪ್ರತಿ ಕಣ್ಣಿಗೆ ಬೇರೆ ಬೇರೆ ಅಳೆದಾಗ ಬಲಕ್ಕೆ 28.5, ಎಡಕ್ಕೆ 29.5 ಬಂತು. ಒಂದು ಮಿಲಿಮೀಟರಿನ ಈ ಎಡಬಲ ವ್ಯತ್ಯಾಸ ಅಪರೂಪವಲ್ಲ, ನಮ್ಮಲ್ಲಿ ಹೆಚ್ಚಿನವರ ಮೂಗು ಅಳತೆಗೋಲಿಟ್ಟ ಹಾಗೆ ನಡುವಿನಲ್ಲಿ ಇರುವುದಿಲ್ಲ. ಕಣತಲೆಯಿಂದ ಕಣತಲೆಗೆ ಮುಖದ ಅಗಲ 138 ಮಿಲಿಮೀಟರ್.

ಇಲ್ಲಿ ಒಂದು ಮಾತು ಹೇಳಬೇಕು. ಕಣ್ಣುಗಳು ಹತ್ತಿರವಿವೆಯೋ ದೂರವಿವೆಯೋ ಎಂಬುದನ್ನು 58 ಎಂಬ ಅಂಕಿಯೊಂದೇ ತೀರ್ಮಾನಿಸುವುದಿಲ್ಲ. ಚಿತ್ರ ಬರೆಯುವವರು ಮುಖವನ್ನು ಐದು ಸಮಪಾಲು ಮಾಡಿ, ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಜಾಗ ಬಿಡುತ್ತಾರೆ. ಇವರ ಕಣ್ಣುಗಳ ಒಳಕೊನೆಗಳ ನಡುವಿನ ಜಾಗ ಒಂದು ಕಣ್ಣಿನ ಉದ್ದಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು. ಅಂದರೆ ಕಣ್ಣುಗಳು ತಮ್ಮಷ್ಟಕ್ಕೆ ಸರಿಯಾದ ದೂರದಲ್ಲೇ ಇವೆ. ಮುಖ ಅಗಲವಾದ್ದರಿಂದ ಹೊರಗಡೆಯ ಎರಡು ಪಾಲುಗಳು ದೊಡ್ಡವು, ಅಷ್ಟೇ. ಬರಿಗಣ್ಣಿನ ಆ ಮುಖವನ್ನು ನೋಡಿದವರು ಯಾರೂ ಕಣ್ಣುಗಳು ಹತ್ತಿರವಿವೆ ಎನ್ನಲಾರರು. ಆ ಹೊರಗಿನ ಖಾಲಿ ಜಾಗಕ್ಕೆ ಕಪ್ಪು ಚೌಕಟ್ಟು ಹಾಕಿ ತೋರಿಸಿದ್ದು ಫ್ರೇಮ್.

ಫ್ರೇಮಿನ ಕಡ್ಡಿಯ ಒಳಮೈಯಲ್ಲಿ 54□17 140 ಎಂದಿತ್ತು. ಮೊದಲ ಅಂಕಿ ಒಂದು ಗಾಜಿನ ಅಗಲ, ಎರಡನೆಯದು ಎರಡು ಗಾಜುಗಳ ನಡುವಿನ ಅಂತರ, ಅಂದರೆ ಮೂಗಿನ ಮೇಲಿನ ಬ್ರಿಡ್ಜ್. ಮೂರನೆಯದು ಕಡ್ಡಿಯ ಉದ್ದ. ಮೊದಲ ಎರಡನ್ನು ಕೂಡಿಸಿದರೆ 71. ಒಂದು ಗಾಜಿನ ನಟ್ಟನಡುವಿನಿಂದ ಇನ್ನೊಂದರ ನಟ್ಟನಡುವಿಗೆ ಇರುವ ದೂರ ಅದು. ಕಣ್ಣಂತರ 58, ಫ್ರೇಮಿನ ಅಂತರ 71. ನಡುವೆ 13 ಮಿಲಿಮೀಟರಿನ ಬಿರುಕು. ಕನ್ನಡಕ ಕೊಳ್ಳುವ ಯಾರು ಬೇಕಾದರೂ ಅಂಗಡಿಯಲ್ಲೇ ಮನಸ್ಸಿನಲ್ಲಿ ಮಾಡಿಕೊಳ್ಳಬಹುದಾದ ಕೂಡುವ ಕಳೆಯುವ ಲೆಕ್ಕ ಇದು. ಇಷ್ಟು ದೊಡ್ಡ ಬಿರುಕನ್ನು ಕಂಡೂ ಮೈನಸ್ 7ರ ಗಾಜು ಕೂರಿಸಿಕೊಟ್ಟರಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು.

ಆಗ ಅವರಿಗೆ ತೋರಿಸಲೆಂದು ಒಂದು ಕೆಲಸ ಮಾಡಿದೆ. ಕನ್ನಡಕ ಹಾಕಿಸಿ, ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಅವರ ಕಣ್ಣಿನ ಮಟ್ಟಕ್ಕೇ ಕುಳಿತೆ. ನನ್ನ ಬಲಗಣ್ಣನ್ನು ಮುಚ್ಚಿ, ತೆರೆದ ಎಡಗಣ್ಣನ್ನು ನೋಡಲು ಹೇಳಿ, ಅವರ ಬಲಪಾಪೆಯ ನೇರಕ್ಕೆ ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಚುಕ್ಕಿ ಇಟ್ಟೆ. ಇನ್ನೊಂದಕ್ಕೆ ಎಡಗಣ್ಣು ಮುಚ್ಚಿ ಹಾಗೆಯೇ. ಒಂದೇ ಕಣ್ಣಿನಿಂದ ಎರಡೂ ಚುಕ್ಕಿ ಇಟ್ಟರೆ ಓರೆ ನೋಟದಿಂದ ಅಳತೆ ತಪ್ಪುತ್ತದೆ. ಕನ್ನಡಕ ತೆಗೆದು ಅಳತೆಪಟ್ಟಿ ಇಟ್ಟಾಗ ಬಲಗಾಜಿನ ಚುಕ್ಕಿಯಿಂದ ಮೂಗಿನ ಕಡೆಯ ಅಂಚಿಗೆ 20 ಮಿಲಿಮೀಟರ್, ಕಿವಿಯ ಕಡೆಯ ಅಂಚಿಗೆ 34. ತಾಯಿ ಬಗ್ಗಿ ಆ ಚುಕ್ಕಿಯನ್ನು ನೋಡಿ, "ಹಾಗಾದರೆ ಕಣ್ಣಿಗೆ ಏನೂ ಆಗಿಲ್ಲವೇ?" ಎಂದರು. ಏನೂ ಆಗಿಲ್ಲ ಎಂದು ಗಟ್ಟಿಯಾಗಿ ಹೇಳಿದೆ.

ತಲೆನೋವಿನ ಕಥೆ ಇನ್ನೂ ಉಳಿದಿತ್ತು. ಗಾಜಿಗೆ ದೃಷ್ಟಿಯ ಕೇಂದ್ರವೊಂದಿರುತ್ತದೆ. ಅಲ್ಲಿಂದ ಹಾದ ಬೆಳಕು ಬಾಗುವುದಿಲ್ಲ. ಆ ಕೇಂದ್ರ ಪಾಪೆಯ ಎದುರಿಗೇ ಬರಬೇಕು. ಗಾಜಿನ ಪವರನ್ನೂ ಕೇಂದ್ರವನ್ನೂ ತೋರಿಸುವ ಲೆನ್ಸೋಮೀಟರಿನಲ್ಲಿಟ್ಟು ಎರಡು ಕೇಂದ್ರಗಳನ್ನು ಗುರುತು ಮಾಡಿದಾಗ ಅವುಗಳ ನಡುವೆ 65 ಮಿಲಿಮೀಟರ್ ಇತ್ತು. ಇರಬೇಕಾದದ್ದು 58. ಬಲಗಣ್ಣು ತನ್ನ ಕೇಂದ್ರದಿಂದ 4 ಮಿಲಿಮೀಟರ್ ಒಳಗೆ, ಎಡಗಣ್ಣು 3 ಮಿಲಿಮೀಟರ್ ಒಳಗೆ ನೋಡುತ್ತಿತ್ತು.

ಹೀಗೇಕಾಯಿತು ಎಂಬುದು ಊಹೆಗೆ ನಿಲುಕದ್ದಲ್ಲ. ಗಾಜು ಕಾರ್ಖಾನೆಯಿಂದ ದುಂಡು ಬಿಲ್ಲೆಯಾಗಿ ಬರುತ್ತದೆ, ಅದನ್ನು ಫ್ರೇಮಿನ ಆಕಾರಕ್ಕೆ ಕೊರೆಯುತ್ತಾರೆ. ಈ ಫ್ರೇಮಿನ ಗಾಜಿನ ಅತಿ ಉದ್ದದ ಅಡ್ಡಳತೆ 57 ಮಿಲಿಮೀಟರ್. ಬಲಗಣ್ಣಿಗೆ ಕೇಂದ್ರವನ್ನು 7 ಮಿಲಿಮೀಟರ್ ಒಳಗೆ ಸರಿಸಬೇಕಾದರೆ ಅದರ ಎರಡರಷ್ಟು 14, ಕೊರೆಯುವಾಗಿನ ನಷ್ಟಕ್ಕೆ 2, ಒಟ್ಟು 73 ಮಿಲಿಮೀಟರ್ ಅಗಲದ ಬಿಲ್ಲೆ ಬೇಕು. ಹೆಚ್ಚು ಮೈನಸ್ ಪವರಿನ ಸಿದ್ಧ ಬಿಲ್ಲೆಗಳು ಸಾಮಾನ್ಯವಾಗಿ 65 ಅಥವಾ 70 ಮಿಲಿಮೀಟರಿನವು. 65ರದ್ದನ್ನು ಹಾಕಿದರೆ 3 ಮಿಲಿಮೀಟರಿಗಿಂತ ಹೆಚ್ಚು ಸರಿಸಲು ಆಗುವುದಿಲ್ಲ. ಇಲ್ಲಿ ಆಗಿದ್ದೂ ಸರಿಯಾಗಿ ಅಷ್ಟೇ. ಫ್ರೇಮಿಗೆ ಗಾಜು ಸಾಲಲಿಲ್ಲ, ಕೊರೆದವರು ಸಾಧ್ಯವಾದಷ್ಟು ಸರಿಸಿ ಕೈಬಿಟ್ಟರು.

ಕೇಂದ್ರದಿಂದ ಸರಿದು ನೋಡಿದರೆ ಗಾಜು ಪ್ರಿಸಂನಂತೆ ಬೆಳಕನ್ನು ಬಾಗಿಸುತ್ತದೆ. ಎಷ್ಟು ಎಂದರೆ, ಸೆಂಟಿಮೀಟರಿನಲ್ಲಿ ಹೇಳಿದ ದೂರವನ್ನು ಪವರಿನಿಂದ ಗುಣಿಸಿದಷ್ಟು. ಬಲಕ್ಕೆ 0.4ನ್ನು 7ರಿಂದ ಗುಣಿಸಿದರೆ 2.8, ಎಡಕ್ಕೆ 0.3ನ್ನು 6.5ರಿಂದ ಗುಣಿಸಿದರೆ 1.95. ಎರಡೂ ಸೇರಿ ಸುಮಾರು ನಾಲ್ಕೂಮುಕ್ಕಾಲು ಪ್ರಿಸಂ. ಮೈನಸ್ ಗಾಜು ಅಂಚಿನಲ್ಲಿ ದಪ್ಪ. ಹಾಗಾಗಿ ಒಳಭಾಗದಿಂದ ನೋಡುವವರಿಗೆ ಪ್ರಿಸಂನ ದಪ್ಪ ಬದಿ ಮೂಗಿನ ಕಡೆ ಬೀಳುತ್ತದೆ. ದೂರದ್ದನ್ನು ಒಂದಾಗಿ ಕಾಣಲು ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ. ಕಣ್ಣುಗಳಿಗೆ ಒಳಕ್ಕೆ ತಿರುಗುವ ಶಕ್ತಿ ಧಾರಾಳವಾಗಿದೆ, ಹೊರಕ್ಕೆ ತಿರುಗುವ ಶಕ್ತಿ ಬಹಳ ಕಡಿಮೆ. ಬಸ್ಸಿನ ಬೋರ್ಡ್ ನೋಡುವಾಗ ನೋವು ಬಂದದ್ದು ಅದರಿಂದ. ಹತ್ತಿರ ಓದುವಾಗ ಕಣ್ಣು ಹೇಗೂ ಒಳಕ್ಕೆ ತಿರುಗಬೇಕು, ಅಲ್ಲಿ ಇದೇ ಪ್ರಿಸಂ ಆ ಕೆಲಸವನ್ನು ಹಗುರ ಮಾಡುತ್ತದೆ. ಪುಸ್ತಕ ತಿದ್ದುವಾಗ ಸುಖವಾಗಿದ್ದುದಕ್ಕೆ ಕಾರಣ ಅದು. ಮೆಳ್ಳಗಣ್ಣಿನ ನೋಟವೂ ಈ ನೋವೂ ಬೇರೆ ಬೇರೆ ತೊಂದರೆಗಳು, ಆದರೆ ಎರಡೂ ಹುಟ್ಟಿದ್ದು ಆ 13 ಮಿಲಿಮೀಟರಿನ ಬಿರುಕಿನಿಂದಲೇ.

ಗಾಜನ್ನು ಮಾತ್ರ ಬದಲಿಸಿ, ಫ್ರೇಮ್ ಇದನ್ನೇ ಇಟ್ಟುಕೊಳ್ಳಬಹುದೇ ಎಂದು ಮಗಳು ಕೇಳಿದರು. ಹಣ ಕೊಟ್ಟು ಕೊಂಡದ್ದಲ್ಲವೇ. ತೆಳು ಗಾಜು ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಉತ್ತರವಾಗಿ ದಪ್ಪದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಕೇಂದ್ರದಿಂದ ಅಂಚಿಗಿರುವ ದೂರವನ್ನು ಅದರಿಂದಲೇ ಗುಣಿಸಿ, ಪವರಿನಿಂದ ಗುಣಿಸಿ, ಬೆಳಕನ್ನು ಬಾಗಿಸುವ ಸೂಚ್ಯಂಕ 1.5 ಇರುವ ಮಾಮೂಲಿ ಪ್ಲಾಸ್ಟಿಕ್ ಗಾಜಾದರೆ 1000ದಿಂದ ಭಾಗಿಸಬೇಕು. ತೆಳು ಎಂದು ಮಾರುವ 1.6 ಆದರೆ 1200ರಿಂದ, 1.67 ಆದರೆ 1340ರಿಂದ. ಬಂದದ್ದಕ್ಕೆ ಗಾಜಿನ ನಡುವಿನ ದಪ್ಪ ಒಂದೂಕಾಲರಿಂದ ಎರಡು ಮಿಲಿಮೀಟರ್ ಕೂಡಿಸಿದರೆ ಅಂಚಿನ ದಪ್ಪದ ಅಂದಾಜು ಸಿಗುತ್ತದೆ. ಹಳೆಯ ಫ್ರೇಮಿನಲ್ಲಿ ಬಲಪಾಪೆಯಿಂದ ಹೊರ ಅಂಚಿಗೆ 34. ಸರಿಯಾಗಿ ಕೇಂದ್ರ ಕೂರಿಸಿದ್ದರೆ ಮಾಮೂಲಿ ಗಾಜಿನಲ್ಲಿ 10 ಮಿಲಿಮೀಟರ್ ಆಗುತ್ತಿತ್ತು. ಮೇಜಿನ ಮೇಲಿದ್ದ ಕನ್ನಡಕದ ಅಂಚು 8ಕ್ಕಿಂತ ತುಸು ಹೆಚ್ಚಿತ್ತು. ಅಂದರೆ ತಪ್ಪಾಗಿ ಕೂರಿಸಿದ್ದರಿಂದಲೇ ಅದು ಅಷ್ಟಾದರೂ ತೆಳುವಾಗಿತ್ತು. ಇದೇ ಫ್ರೇಮಿಗೆ ದುಬಾರಿ 1.67 ಗಾಜನ್ನು ಸರಿಯಾಗಿ ಕೂರಿಸಿದರೆ 7.3.

ಈಗ ಫ್ರೇಮನ್ನು ಬದಲಿಸಿ ನೋಡೋಣ ಎಂದೆ. ಪಾಪೆಯಿಂದ ಹೊರ ಅಂಚಿಗೆ 34ರ ಬದಲು 27.5 ಇರುವ ಫ್ರೇಮಿನಲ್ಲಿ ಮಾಮೂಲಿ ಗಾಜನ್ನೇ ಹಾಕಿದರೆ ಎಷ್ಟು? ಅದೂ 7.3. ದೂರ ತನ್ನಿಂದಲೇ ಗುಣಿಸಿಕೊಳ್ಳುವುದರಿಂದ ಆರೂವರೆ ಮಿಲಿಮೀಟರ್ ಒಳಗೆ ಬಂದರೆ ದುಬಾರಿ ಗಾಜು ಮಾಡುವಷ್ಟು ಕೆಲಸ ಆಗಿಬಿಡುತ್ತದೆ. ಆ ಮೇಲೆ ತೆಳು ಗಾಜು ಹಾಕಿಸಿದರೆ ಅದು ನಿಜವಾದ ಲಾಭ.

ಆದರೆ ಅಗಲ ಮುಖಕ್ಕೆ ಸಣ್ಣ ಫ್ರೇಮ್ ಹಾಕಿದರೆ ಕಡ್ಡಿಗಳು ಕಣತಲೆಯನ್ನು ಒತ್ತುತ್ತವೆ, ಮುಖ ಇನ್ನೂ ಅಗಲವಾಗಿ ಕಾಣುತ್ತದೆ. ಅಗಲ ಮುಖ ಮತ್ತು ಕಡಿಮೆ ಕಣ್ಣಂತರ ಕೂಡಿದವರಿಗೆ ಫ್ರೇಮ್ ಹುಡುಕುವುದು ಕಷ್ಟವಾಗುವುದು ಇಲ್ಲೇ. ಬಿಡಿಸಿಕೊಳ್ಳುವ ದಾರಿ ಒಂದಿದೆ. ಮುಖದ ಅಗಲವನ್ನು ತುಂಬಬೇಕಾದದ್ದು ಫ್ರೇಮ್, ಗಾಜಲ್ಲ. ಗಾಜು ಮುಗಿದ ಮೇಲೆ ಕೀಲಿನವರೆಗೆ ಲೋಹದ ತುಂಡೊಂದು ಹೊರಕ್ಕೆ ಚಾಚಿಕೊಂಡಿರುವ ಫ್ರೇಮುಗಳು ಸಿಗುತ್ತವೆ. ಗಾಜು ಪಾಪೆಗೆ ಹತ್ತಿರ ಮುಗಿಯುತ್ತದೆ, ಉಳಿದ ಅಗಲವನ್ನು ಆ ಚಾಚು ತುಂಬುತ್ತದೆ.

ಬ್ರಿಡ್ಜ್ ಅಗಲವಿರುವ ಫ್ರೇಮ್ ತೆಗೆದುಕೊಂಡರೆ ಗಾಜು ಸಣ್ಣದಾಗುತ್ತದಲ್ಲ, ಅದು ಸಾಲದೇ ಎಂದು ನಮ್ಮ ಕೆಲಸದವರೇ ಹಲವರು ಹೇಳುತ್ತಾರೆ. ನಾನೂ ಮೊದಲ ವರ್ಷಗಳಲ್ಲಿ ಹಾಗೆಯೇ ಆರಿಸುತ್ತಿದ್ದೆ. ಅದನ್ನು ಇವರ ಅಳತೆಯಲ್ಲೇ ನೋಡಿ. 47□18 ಫ್ರೇಮಿನಲ್ಲಿ ಗಾಜಿನ ಹೊರ ಅಂಚು ಮೂಗಿನ ನಡುಗೆರೆಯಿಂದ 47 ಕೂಡಿಸು 9, ಅಂದರೆ 56 ಮಿಲಿಮೀಟರ್ ದೂರದಲ್ಲಿ. 44□24 ಫ್ರೇಮಿನಲ್ಲಿ 44 ಕೂಡಿಸು 12, ಅದೂ 56. ಹೊರ ಅಂಚು ಅಲ್ಲೇ ಇರುವುದರಿಂದ ಹೊರಗಿನ ದಪ್ಪ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಬದಲಿಗೆ ಒಳ ಅಂಚು ಪಾಪೆಗೆ ಇನ್ನೂ ಹತ್ತಿರ ಬರುತ್ತದೆ. ಮೊದಲನೆಯದರಲ್ಲಿ ಬಲಪಾಪೆಯ ಒಳಗಡೆ 19.5, ಎರಡನೆಯದರಲ್ಲಿ 16.5. ಕಣ್ಣು ಮೂಲೆ ಸೇರಿದಂತೆ ಕಾಣುವ ದೋಷ ಹೆಚ್ಚುತ್ತದೆ. ಕಡಿಮೆ ಕಣ್ಣಂತರದವರಿಗೆ ಮೂಗು ಒಪ್ಪುವಷ್ಟು ಕಿರಿದಾದ ಬ್ರಿಡ್ಜೇ ಒಳ್ಳೆಯದು.

ಹೀಗೆ ಮೂರು ತಟ್ಟೆ ಫ್ರೇಮುಗಳಲ್ಲಿ ನಾಲ್ಕು ಉಳಿದವು. ಆಕಾರದ ಪ್ರಶ್ನೆ ಬಂದದ್ದು ಆಗ. ಪಟ್ಟಿ ಹೇಳುವ ಮೂಲೆಗಳ ಆಯತವನ್ನು ನಾನು ಒಪ್ಪಲಿಲ್ಲ, ಅದಕ್ಕೆ ಕಾರಣವೂ ದಪ್ಪವೇ. ಆಯತದಲ್ಲಿ ಪಾಪೆಯಿಂದ ಅತಿ ದೂರದ ಜಾಗ ಹೊರ ಅಂಚಲ್ಲ, ಹೊರಮೂಲೆ. ಹಳೆಯ ಫ್ರೇಮಿನಲ್ಲಿ ಮೂಲೆ ಆ 34 ಮಿಲಿಮೀಟರಿಗಿಂತಲೂ ದೂರ. ಸರಿಯಾಗಿ ಕೂರಿಸಿದ ಮಾಮೂಲಿ ಗಾಜು ಆ ಮೂಲೆಯಲ್ಲಿ 10 ಮಿಲಿಮೀಟರಿಗಿಂತಲೂ ದಪ್ಪವಾಗುತ್ತದೆ. ಮೂಲೆಯನ್ನು ದುಂಡಗೆ ಮಾಡಿದರೆ ಆ ದಪ್ಪ ತಾನೇ ಉದುರಿಹೋಗುತ್ತದೆ. ಹಾಗೆಂದು ದುಂಡು ಮುಖಕ್ಕೆ ಪೂರ್ತಿ ದುಂಡು ಫ್ರೇಮ್ ಹಾಕಿದರೆ ಕೆನ್ನೆಯ ಗೆರೆಯನ್ನೇ ಮತ್ತೆ ಎಳೆದಂತಾಗುತ್ತದೆ. ನಡುವಿನ ದಾರಿಯಾಗಿ ಮೇಲಂಚು ಬಹುತೇಕ ನೇರವಾಗಿ ಹುಬ್ಬಿನ ಜೊತೆ ಸಾಗುವ, ಕೆಳಗೆ ಮೂಗಿನ ಕಡೆ ಓರೆಯಾಗಿ ಇಳಿದು ದುಂಡಾಗುವ ಆಕಾರವನ್ನು ಆರಿಸಿದೆವು. ನೇರವಾದ ಮೇಲಂಚು ಮುಖಕ್ಕೆ ಬೇಕಾದ ಗೆರೆಯನ್ನು ಕೊಡುತ್ತದೆ, ದುಂಡಾದ ತಳ ದಪ್ಪವನ್ನು ತಡೆಯುತ್ತದೆ.

ಬಣ್ಣದ ವಿಷಯಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಹಳೆಯ ಫ್ರೇಮಿನ ಬ್ರಿಡ್ಜ್ ದಪ್ಪ, ಕಪ್ಪು, ಕೆಳಗೆ ಇಳಿದದ್ದು. ನೋಡುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು, ಎರಡು ಕಣ್ಣುಗಳನ್ನು ಒಂದು ಗಂಟು ಹಾಕಿ ಎಳೆದಂತೆ. ಹೊಸದರಲ್ಲಿ ಬ್ರಿಡ್ಜ್ ಸಣ್ಣ ತಂತಿಯಷ್ಟು ತೆಳು, ಮೈಬಣ್ಣಕ್ಕೆ ಹತ್ತಿರದ ಚಿನ್ನದ ಬಣ್ಣ, ಮೇಲಕ್ಕೆ ಎತ್ತಿಕೊಂಡಿದೆ. ಕಡು ಕಂದು ಬಣ್ಣ ಇರುವುದು ಮೇಲಂಚಿನ ಹೊರತುದಿಯಲ್ಲಿ ಮತ್ತು ಕೀಲಿನ ಚಾಚಿನಲ್ಲಿ. ದೃಷ್ಟಿ ಹೊರಕ್ಕೆ ಹರಡುತ್ತದೆ. ಅಳತೆಯಲ್ಲಿ ಒಂದು ಮಿಲಿಮೀಟರೂ ಬದಲಾಗದೆ ಕಣ್ಣುಗಳು ಬಿಡಿಸಿಕೊಂಡಂತೆ ಕಾಣುತ್ತವೆ.

ಜಾರುವ ತೊಂದರೆಗೆ ಮೂಗಿನ ಪ್ಯಾಡುಗಳೇ ಪರಿಹಾರ. ಇವರ ಮೂಗಿನ ಬುಡ ತಗ್ಗು. ಪ್ಲಾಸ್ಟಿಕ್ ಫ್ರೇಮಿನ ಬ್ರಿಡ್ಜ್ ಅಚ್ಚಿನಲ್ಲಿ ಬಂದಷ್ಟೇ ಆಕಾರ, ತಗ್ಗು ಮೂಗಿನ ಮೇಲೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಲೋಹದ ಫ್ರೇಮಿನಲ್ಲಿ ತಂತಿಯ ಮೇಲೆ ಕೂರುವ ಪ್ಯಾಡುಗಳನ್ನು ಇಕ್ಕಳದಿಂದ ಹತ್ತಿರಕ್ಕೆ ತಂದು ಮೂಗಿನ ಇಳಿಜಾರಿಗೆ ಒರಗಿಸಬಹುದು. ಜಾರಿದರೆ ಅಂದ ಮಾತ್ರ ಕೆಡುವುದಿಲ್ಲ. ಮೈನಸ್ 7ರ ಗಾಜು ಕಣ್ಣಿನಿಂದ 4 ಮಿಲಿಮೀಟರ್ ಮುಂದೆ ಹೋದರೆ ಸುಮಾರು 0.2ರಷ್ಟು ಪವರ್ ಕಡಿಮೆಯಾದಂತೆ ಆಗುತ್ತದೆ. ಇವರು ದಿನವಿಡೀ ಕನ್ನಡಕವನ್ನು ಮೇಲೆ ತಳ್ಳುತ್ತಿದ್ದುದು ದೂರದ್ದು ಮಸುಕಾಗುತ್ತಿದ್ದುದಕ್ಕೂ ಹೌದು.

ನಾಲ್ಕು ಫ್ರೇಮುಗಳನ್ನೂ ಹಾಕಿ ಕನ್ನಡಿಯ ಮುಂದೆ ನಿಂತಾಗ ಅವರು ಮುಖವನ್ನು ಕನ್ನಡಿಗೆ ತಾಗಿಸುವಷ್ಟು ಹತ್ತಿರ ಒಯ್ದರು. ಮೈನಸ್ 7ರವರಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಸುಮಾರು 14 ಸೆಂಟಿಮೀಟರಿನವರೆಗೆ ಮಾತ್ರ. ಅಂಗಡಿಯ ಫ್ರೇಮಿನಲ್ಲಿರುವುದು ಪವರಿಲ್ಲದ ತೋರಿಕೆಯ ಗಾಜು. ಅಂದರೆ ಯಾರಿಗೆ ಫ್ರೇಮಿನ ಆಯ್ಕೆ ಎಲ್ಲರಿಗಿಂತ ಮುಖ್ಯವೋ ಅವರೇ ತಮ್ಮನ್ನು ನೋಡಿಕೊಳ್ಳದೆ ಆರಿಸುತ್ತಾರೆ. ಹಳೆಯ ಕಪ್ಪು ಆಯತವೂ ಹಾಗೆ ಮಸುಕಿನಲ್ಲೇ ಆಯ್ಕೆಯಾದದ್ದು. ತಾಯಿಯ ಕೈಗೆ ಮೊಬೈಲ್ ಕೊಟ್ಟು, ಪ್ರತಿ ಫ್ರೇಮಿನಲ್ಲೂ ಎದುರಿನಿಂದ ಒಂದು, ಓರೆಯಿಂದ ಒಂದು ಚಿತ್ರ ತೆಗೆಸಿದೆ. ತೀರ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಮುಖದ ಪ್ರಮಾಣ ಕೆಡುವುದರಿಂದ ಒಂದೂವರೆ ಮೀಟರ್ ದೂರ ನಿಲ್ಲಿಸಿದೆ. ಆಮೇಲೆ ಮಗಳು ಹಳೆಯ ಕನ್ನಡಕ ಹಾಕಿಕೊಂಡು ಆ ಎಂಟು ಚಿತ್ರಗಳನ್ನು ನಿಧಾನವಾಗಿ ನೋಡಿದರು.

ಚಿತ್ರದಲ್ಲಿ ಕಾಣದ ಸಂಗತಿಯೊಂದನ್ನು ಬಾಯಲ್ಲಿ ಹೇಳಬೇಕಾಯಿತು. ಪವರ್ ಗಾಜು ಬಂದ ಮೇಲೆ ಕಣ್ಣುಗಳು ಈ ಚಿತ್ರದಲ್ಲಿರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಓರೆಯಿಂದ ನೋಡುವವರಿಗೆ ಗಾಜಿನ ಹಿಂದಿನ ಕೆನ್ನೆಯ ಗೆರೆ ಒಳಕ್ಕೆ ಕಡಿದಂತೆ ಕಾಣುತ್ತದೆ. ಮೈನಸ್ ಗಾಜಿನ ಗುಣವಿದು, ಯಾವ ಫ್ರೇಮೂ ಪೂರ್ತಿ ಅಳಿಸಲಾರದು. ಗಾಜು ಹೊರಗಡೆ ಎಷ್ಟು ದೂರ ಚಾಚುತ್ತದೆಯೋ ಅಷ್ಟು ಕೆನ್ನೆ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೇಗ ಮುಗಿಯುವ ಗಾಜಿನಲ್ಲಿ ಅದು ಕಡಿಮೆ, ಇಲ್ಲವೆಂದಲ್ಲ.

ಅವರು ಆರಿಸಿದ್ದು 47□18. ಚಾಚು ಸೇರಿ ಫ್ರೇಮಿನ ಮುಂಭಾಗ 134 ಮಿಲಿಮೀಟರ್, 138ರ ಮುಖಕ್ಕೆ ಸ್ವಲ್ಪವೇ ಕಡಿಮೆ. ಕಡ್ಡಿಗಳನ್ನು ಕೀಲಿನ ಬಳಿ ತುಸು ಹೊರಕ್ಕೆ ಬಾಗಿಸಿ ಅದನ್ನು ಹೊಂದಿಸಿದೆ. ಗಾಜಿಗೆ 1.67ರ ಬೆಲೆ ಕೇಳಿ 1.6 ಸಾಕು ಎಂದರು. ನಾನು ಒತ್ತಾಯಿಸಲಿಲ್ಲ. ಲೆಕ್ಕದಂತೆ ಬಲಗಾಜಿನ ಹೊರ ಅಂಚಿನಲ್ಲಿ 1.67ಕ್ಕೆ 5.3, 1.6ಕ್ಕೆ 5.9, ಆ ಸ್ವಲ್ಪದಕ್ಕೆ ಅಷ್ಟು ಹಣ ಬೇಕಿರಲಿಲ್ಲ. ಪ್ರತಿಫಲನ ತಡೆಯುವ ಲೇಪನವನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಂಡೆ. ಅದಿಲ್ಲದಿದ್ದರೆ ದಪ್ಪ ಅಂಚು ಗಾಜಿನೊಳಗೆ ಉಂಗುರ ಉಂಗುರವಾಗಿ ಹೊಳೆದು ಪವರನ್ನು ಸಾರಿ ಹೇಳುತ್ತದೆ. ಕೊರೆಯುವವರಿಗೆ ಕಳಿಸಿದ ಚೀಟಿಯಲ್ಲಿ 58 ಎಂದು ಬರೆಯದೆ ಬಲ 28.5, ಎಡ 29.5 ಎಂದು ಬಿಡಿಸಿಯೇ ಬರೆದೆ. ಈ ಸಲ 65ರ ಬಿಲ್ಲೆ ಸಾಕಾಯಿತು.

ಹತ್ತು ದಿನಗಳ ನಂತರ ಬಂದ ಕನ್ನಡಕದ ಹೊರ ಅಂಚನ್ನು ಕ್ಯಾಲಿಪರಿನಲ್ಲಿ ಅಳೆದಾಗ 6.1 ಇತ್ತು. ಲೆನ್ಸೋಮೀಟರಿನಲ್ಲಿ ಕೇಂದ್ರಗಳ ಅಂತರ 58. ಹಾಕಿಸಿ ಎದುರಿಗೆ ನಿಂತಾಗ ತಾಯಿ ಬಹಳ ಹೊತ್ತು ಮಗಳ ಮುಖವನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಮಗಳು ಮೊದಲ ಮೂರು ದಿನ ನೆಲ ಸ್ವಲ್ಪ ಬೇರೆ ದೂರದಲ್ಲಿರುವಂತೆ ಅನ್ನಿಸುತ್ತದೆ ಎಂದು ಫೋನ್ ಮಾಡಿದ್ದರು. ನಾಲ್ಕು ತಿಂಗಳು ಪ್ರಿಸಂಗೆ ಒಗ್ಗಿದ ಕಣ್ಣುಗಳು ಮರಳಲು ಅಷ್ಟು ಸಮಯ ಕೇಳುವುದು ಸಹಜ, ಒಂದು ವಾರ ಕಾಯಿರಿ, ಹೋಗದಿದ್ದರೆ ಬನ್ನಿ ಎಂದೆ. ವಾರದೊಳಗೆ ಹೋಯಿತು. ದೂರ ನೋಡುವಾಗಿನ ನೋವು ಮತ್ತೆ ಬರಲಿಲ್ಲ. ಉಳಿದ ಕೊರತೆ ಒಂದು: ಗಾಜು ಬೇಗ ಮುಗಿಯುವುದರಿಂದ ಕಣ್ಣನ್ನಷ್ಟೇ ಪಕ್ಕಕ್ಕೆ ತಿರುಗಿಸಿದರೆ ಅಂಚಿನಾಚೆ ಮಸುಕು ಕಾಣುತ್ತದೆ. ಸ್ಕೂಟರ್ ಓಡಿಸುವಾಗ ತಲೆಯನ್ನೇ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ ಎಂದು ಮೊದಲೇ ಹೇಳಿದ್ದೆ.

ಇದೇ ಲೆಕ್ಕ ಎದುರು ದಿಕ್ಕಿನಲ್ಲಿ ನಡೆಯುವುದನ್ನು ಕಂಡದ್ದು ಅದೇ ತಿಂಗಳು ಬಂದ ನಿವೃತ್ತ ಪೋಸ್ಟ್‌ಮಾಸ್ಟರರಲ್ಲಿ. ಕಿರಿದಾದ ಉದ್ದ ಮುಖ, ಕಣ್ಣಂತರ 70, ಪವರ್ ಪ್ಲಸ್ 4. ಕಿರಿದಾದ ಮುಖವೆಂದು ಅವರಿಗೆ ಯಾರೋ 48□16 ಕೊಟ್ಟಿದ್ದರು. ಕೂಡಿಸಿದರೆ 64, ಕಣ್ಣಂತರಕ್ಕಿಂತ 6 ಕಡಿಮೆ. ಪ್ಲಸ್ ಗಾಜು ಕಣ್ಣನ್ನು ದೊಡ್ಡದಾಗಿ ತೋರಿಸುತ್ತದೆ, ಆ ದೊಡ್ಡ ಕಣ್ಣುಗಳು ಗಾಜಿನ ಹೊರ ಅಂಚಿಗೆ ಸರಿದು ಮುಖ ಗಾಬರಿಗೊಂಡಂತೆ ಕಾಣುತ್ತಿತ್ತು. ಅವರಿಗೆ 50□20 ಹಾಕಿದೆವು, ಮೊತ್ತ ಸರಿಯಾಗಿ 70. ಶಿಕ್ಷಕಿಗೆ ಬೇಡವೆಂದ ಅಗಲ ಬ್ರಿಡ್ಜ್ ಇವರಿಗೆ ಬೇಕಾಗಿತ್ತು. ಅದು ಕಡುಬಣ್ಣದ್ದಾಗಿ, ಸ್ವಲ್ಪ ತಗ್ಗಿನಲ್ಲಿ ಕೂತದ್ದರಿಂದ ಕಣ್ಣುಗಳು ಹತ್ತಿರ ಬಂದಂತಾದವು, ಉದ್ದ ಮೂಗೂ ಮೊಟಕಾದಂತೆ ಕಂಡಿತು.

ಶಿಕ್ಷಕಿ ಮತ್ತೆ ಬಂದದ್ದು ದೀಪಾವಳಿಯ ಹೊತ್ತಿಗೆ. ಮದುವೆ ನಿಶ್ಚಯವಾಗಿತ್ತು. ಬಿಸಿಲಿಗೆ ಹಾಕಿಕೊಳ್ಳಲು ದೊಡ್ಡ ಗಾಜಿನ ಕಪ್ಪು ಕನ್ನಡಕ ಬೇಕು, ತನ್ನ ಪವರಿನಲ್ಲೇ ಆಗುತ್ತದೆಯೇ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಫ್ರೇಮಿನ ಕಡ್ಡಿಯನ್ನು ತಿರುಗಿಸಿ 58□16 ಎಂದು ಓದಿ, "74, ಅದರಲ್ಲಿ 58 ಕಳೆದರೆ 16" ಎಂದು ಹೇಳಿ ಅದನ್ನು ಅವರೇ ತಟ್ಟೆಯಲ್ಲಿಟ್ಟರು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಮೇಲೆ ಪವರಿಲ್ಲದ ದೊಡ್ಡ ಕಪ್ಪು ಗಾಜು ಧರಿಸಬಹುದು, ಅದಕ್ಕೆ ಮೊದಲು ಕಣ್ಣಿನ ವೈದ್ಯರನ್ನು ಕೇಳಿ ಬನ್ನಿ ಎಂದು ಕಳಿಸಿದೆ.